ಹಳೆ ಹ್ಯಾಚ್‌ಬ್ಯಾಕ್‌ನ ಹೆಡ್‌ಲೈಟ್ ಬಲ್ಬ್: ಫೋಟೊದಿಂದ ಗುರುತು ಹಿಡಿಯುವುದು ಹೇಗೆ

"ಅಣ್ಣಾ, ಎಡಗಡಿ ಲೈಟು ಹತ್ತವಲ್ದು. ಇದರ ಬಲ್ಬ್ ಐತೇನು ನೋಡ್ರಿ."

ಬಳ್ಳಾರಿ, ರಾಯಚೂರಿನ ಬಿಡಿಭಾಗದ ಅಂಗಡಿಗಳಿಗೆ ಇಂಥ ಸಂದೇಶ ಬರುವಾಗ ಜೊತೆಗೆ ಒಂದು ಫೋಟೊ ಇರುತ್ತದೆ. ಹೆಚ್ಚಿನ ಸಲ ಅದು ಕಾರಿನ ಮುಖದ ಫೋಟೊ. ಅದರಿಂದ ಕಾರಿನ ಬಣ್ಣ ತಿಳಿಯುತ್ತದೆ, ಬಲ್ಬ್ ತಿಳಿಯುವುದಿಲ್ಲ. ಸಿಂಧನೂರು, ಕುಷ್ಟಗಿ ಕಡೆಯಿಂದ ಬಂದು ತಪ್ಪು ಬಲ್ಬ್ ಒಯ್ದರೆ ಬದಲಿಸಲು ಇನ್ನೊಂದು ಸಲ ಬರಬೇಕು, ಒಮ್ಮೆ ಹಾಕಿ ನೋಡಿದ ಬಲ್ಬನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದೂ ಕಷ್ಟ. ಸರಿಯಾದ ನಾಲ್ಕೈದು ಫೋಟೊ ಇದ್ದರೆ ಈ ಓಡಾಟ ಬೇಕಾಗಿಲ್ಲ. ಯಾವ ಫೋಟೊ, ಹೇಗೆ ತೆಗೆಯಬೇಕು, ಅದರಲ್ಲಿ ಏನನ್ನು ನೋಡಬೇಕು ಎಂಬುದು ಇಲ್ಲಿದೆ.

ಮಾಡೆಲ್ ಹೆಸರು ಹೇಳಿದರೆ ಸಾಲದೇ ಎಂದು ಕೇಳಬಹುದು. ಹೊಸ ಕಾರಿಗೆ ಬಹುಮಟ್ಟಿಗೆ ಸಾಕು. ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊದಂಥ ಹಳೆ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎಚ್4 ಬಲ್ಬೇ. ಆದರೆ ಹದಿನೈದು ವರ್ಷ ಓಡಿ, ಎರಡು ಮೂರು ಕೈ ಬದಲಾಗಿ ಬಂದ ಕಾರಿನಲ್ಲಿ ಲ್ಯಾಂಪ್ ಒಡೆದು ಬೇರೆಯದು ಕೂತಿರಬಹುದು, ಯಾರೋ ಕೈಗೆ ಸಿಕ್ಕ ಬಲ್ಬನ್ನು ಒತ್ತಿ ಕೂರಿಸಿರಬಹುದು. ಅದಕ್ಕೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಲ್ಬ್ ಯಾವುದು ಎಂದು ತೀರ್ಮಾನಿಸಬೇಕಾದದ್ದು ಲ್ಯಾಂಪಿನ ಕೂರುವ ಜಾಗ. ಈಗ ಒಳಗಿರುವ ಹಳೆ ಬಲ್ಬ್ ಸಾಕ್ಷಿ ಮಾತ್ರ, ಅದು ಸುಳ್ಳನ್ನೂ ಹೇಳಬಹುದು.

ಬಿಚ್ಚುವ ಮೊದಲು ಒಂದು ಫೋಟೊ

ಕೀಲಿ ತೆಗೆದು, ಲೈಟ್ ಉರಿಯುತ್ತಿದ್ದರೆ ಆರಿಸಿ ಹತ್ತು ನಿಮಿಷ ಬಿಡಿ. ಹ್ಯಾಲೊಜನ್ ಬಲ್ಬಿನ ಗಾಜು ಕೈ ಸುಡುವಷ್ಟು ಕಾದಿರುತ್ತದೆ. ಬಾನೆಟ್ ಎತ್ತಿ, ಲ್ಯಾಂಪಿನ ಬೆನ್ನಿನ ಮೇಲೆ ಕೂತ ಕೆಂಪು ದೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಸಂಡೂರು, ತೋರಣಗಲ್ ಕಡೆ ಓಡುವ ಗಾಡಿಗಳಲ್ಲಿ ಈ ದೂಳು ರಬ್ಬರಿನ ಮಡಿಕೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಸರಾಗಿ ಒಳಕ್ಕೆ ಜಾರುತ್ತದೆ.

ಈಗ ವೈರು, ರಬ್ಬರ್ ಟೋಪಿ ಎಲ್ಲವೂ ಹೇಗಿವೆಯೋ ಹಾಗೆಯೇ ಇರುವಾಗ ಮೊದಲ ಫೋಟೊ. ಇದರಲ್ಲಿ ಬಲ್ಬಿನ ಹಿಂದೆ ಸಿಕ್ಕಿಸಿದ ಹೋಲ್ಡರಿಗೆ ಎಷ್ಟು ವೈರು ಬಂದಿವೆ ಎಂಬುದು ಎಣಿಸಲು ಸಿಗಬೇಕು. ಎರಡು ಲ್ಯಾಂಪಿನದೂ ಬೇರೆ ಬೇರೆ ತೆಗೆಯಿರಿ. ಕೆಟ್ಟಿರುವುದು ಎಡದ್ದು ಮಾತ್ರವಾದರೂ ಬಲದ್ದೂ ಬೇಕು. ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಬ್ಯಾಟರಿ ಇರುವ ಬದಿಯಲ್ಲಿ ಕೈ ತೂರುವುದೇ ಕಷ್ಟವಾದರೆ ಫೋನನ್ನು ವಿಡಿಯೊಗೆ ಇಟ್ಟು, ಟಾರ್ಚ್ ಹಾಕಿ, ಲ್ಯಾಂಪಿನ ಹಿಂದೆ ನಿಧಾನವಾಗಿ ಒಯ್ದು ತನ್ನಿ. ಆಮೇಲೆ ಸ್ಪಷ್ಟವಾದ ಚಿತ್ರದಲ್ಲಿ ನಿಲ್ಲಿಸಿ ಉಳಿಸಿಕೊಳ್ಳಬಹುದು. ಸೆಲ್ಫಿ ಕ್ಯಾಮೆರಾ ಬೇಡ. ಕೆಲವು ಫೋನುಗಳಲ್ಲಿ ಅದು ಎಡಬಲ ತಿರುಗಿಸಿ ಉಳಿಸುತ್ತದೆ.

ವೈರು ಎಣಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಮೂರು ವೈರು, ಮೂರು ಚಪ್ಪಟೆ ಕಡ್ಡಿ ಇದ್ದರೆ ಒಂದೇ ಬಲ್ಬಿನಲ್ಲಿ ಡಿಮ್ ಮತ್ತು ಬ್ರೈಟ್ ಎರಡೂ ಇವೆ, ಅಂದರೆ ಎಚ್4 ಕುಟುಂಬ. ಎರಡೇ ವೈರು ಇದ್ದು, ಬಲ್ಬಿನ ಹಿಂದೆ ಎರಡು ಚಪ್ಪಟೆ ಕಡ್ಡಿ ಅಕ್ಕಪಕ್ಕ ನೇರ ನಿಂತಿದ್ದರೆ ಎಚ್7 ಇರುವ ಸಾಧ್ಯತೆ ಹೆಚ್ಚು. ಬಲ್ಬಿನ ಹಿಂಭಾಗವೇ ಪ್ಲಾಸ್ಟಿಕ್ ಆಗಿದ್ದು, ಮೊಣಕೈ ಮಡಚಿದಂತೆ ಬಾಗಿ, ರಬ್ಬರ್ ಉಂಗುರದೊಡನೆ ತಿರುಗಿಸಿ ಕೂರಿಸುವಂತಿದ್ದರೆ ಅದು ಎಚ್11, ಎಚ್‌ಬಿ3, ಎಚ್‌ಬಿ4 ಗುಂಪಿನದು. ಈ ಗುಂಪಿನವು ನೋಡಲು ಅಣ್ಣತಮ್ಮಂದಿರಂತಿದ್ದು, ಬುಡದ ಸುತ್ತ ಚಾಚಿದ ಕಿವಿಗಳ ಜೋಡಣೆಯಂಥ ಸಣ್ಣ ವಿವರಗಳಲ್ಲಿ ಬೇರೆ. ಅಲ್ಲಿ ಪ್ಲಾಸ್ಟಿಕ್ ಮೇಲಿನ ಅಕ್ಷರ ಓದದೆ ಯಾರೂ ಹೇಳಬಾರದು. ಒಂದೇ ಕಡ್ಡಿ ಇರುವ ಸಣ್ಣ ಬಲ್ಬ್ ಎಚ್1. ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚು ಗೊಂದಲ ಆಗುವುದು ಮೂರು ಕಡ್ಡಿಯದರಲ್ಲೇ. ಮುಂದಿನ ಮಾತೆಲ್ಲ ಅದರದೇ.

ಬಿಚ್ಚಿದ ಮೇಲೆ

ಹೋಲ್ಡರನ್ನು ಎರಡೂ ಪಕ್ಕ ಹಿಡಿದು ನೇರ ಹಿಂದಕ್ಕೆ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ರಬ್ಬರ್ ಟೋಪಿ ತೆಗೆಯುವ ಮೊದಲು ಅದರ ಯಾವ ಬದಿ ಮೇಲಿತ್ತು ಎಂದು ನೋಡಿಕೊಳ್ಳಿ. ಕೆಲವದರ ಮೇಲೆ ಗುರುತು ಒತ್ತಿರುತ್ತದೆ. ಒಳಗೆ ಬಲ್ಬಿನ ಲೋಹದ ಬಿಲ್ಲೆಯನ್ನು ಒತ್ತಿ ಹಿಡಿದ ತಂತಿ ಕ್ಲಿಪ್ ಇರುತ್ತದೆ. ಅದನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಹೊರಬರುತ್ತದೆ. ಗಾಜು ಮುಟ್ಟದೆ ಲೋಹದ ಭಾಗ ಹಿಡಿಯಿರಿ. ಹಳೆ ಬಲ್ಬ್ ಹೇಗೂ ಹೋಗಿದೆ ಎಂದು ಅಸಡ್ಡೆ ಮಾಡಿದರೆ, ಹೊಸದನ್ನು ಹಾಕುವಾಗಲೂ ಕೈ ಅದೇ ರೂಢಿಯಲ್ಲಿ ಗಾಜಿಗೆ ಹೋಗುತ್ತದೆ. ಬೆರಳಿನ ಜಿಡ್ಡು ಅಂಟಿದ ಗಾಜು ಬೇಗ ಹಾಳಾಗುತ್ತದೆ.

ಎರಡನೇ ಫೋಟೊ ಬಲ್ಬನ್ನು ಹಿಂದಿನಿಂದ ನೇರವಾಗಿ ನೋಡಿದ್ದು. ಎಚ್4 ಆದರೆ ಮೂರು ಕಡ್ಡಿಗಳಲ್ಲಿ ಮೇಲಿನದು ಅಡ್ಡ, ಪಕ್ಕದವೆರಡು ನಿಂತಂತೆ, ಬಾಗಿಲ ಚೌಕಟ್ಟಿನ ಆಕಾರ ಕಾಣುತ್ತದೆ. ಅಡ್ಡ ಇರುವುದು ಡಿಮ್‌ಗೆ. ಸುತ್ತಲಿನ ಲೋಹದ ಬಿಲ್ಲೆಗೆ ಮೂರು ಕಿವಿ ಇದ್ದು, ಒಂದು ಉಳಿದೆರಡಕ್ಕಿಂತ ಅಗಲ. ಅಗಲದ ಕಿವಿ ಮೇಲಕ್ಕೆ ಬಂದರೆ ಮಾತ್ರ ಬಲ್ಬ್ ಲ್ಯಾಂಪಿನಲ್ಲಿ ಕೂರುತ್ತದೆ. ಪೊಟ್ಟಣದ ಮೇಲೆ ಈ ಕೂರುವ ಭಾಗಕ್ಕೆ ಪಿ43ಟಿ ಎಂದು ಬರೆದಿರುತ್ತಾರೆ. ಬಿಲ್ಲೆಯ ಅಳತೆ 43 ಮಿ.ಮೀ. ಎಂಬ ಸೂಚನೆ ಅದರಲ್ಲೇ ಇದೆ.

ಮೂರನೇ ಫೋಟೊ ಪಕ್ಕದಿಂದ. ಗಾಜಿನೊಳಗೆ ಎರಡು ಸುರುಳಿ ತಂತಿ ಕಾಣಬೇಕು. ತುದಿಯ ಕಡೆಗಿರುವುದರ ಕೆಳಗೆ ಸಣ್ಣ ಲೋಹದ ಬಟ್ಟಲು ಇರುತ್ತದೆ, ಅದು ಡಿಮ್‌ನದು. ಬಟ್ಟಲು ಬೆಳಕು ಲ್ಯಾಂಪಿನ ಕೆಳಗಿನ ಕನ್ನಡಿಗೆ ಬಿದ್ದು ಮೇಲಕ್ಕೆ ಹಾರದಂತೆ ತಡೆಯುವುದರಿಂದ ಎದುರು ಬರುವವನ ಕಣ್ಣಿಗೆ ಹೊಡೆಯುವುದಿಲ್ಲ. ಬುಡದ ಕಡೆಗಿರುವ ತಂತಿ ಬ್ರೈಟ್‌ಗೆ. ಗಾಜಿನ ತುದಿಗೆ ಬಣ್ಣ ಬಳಿದಿರುವುದು ಮಾಮೂಲು, ಸುಟ್ಟದ್ದಲ್ಲ. ಎರಡರಲ್ಲಿ ಯಾವ ತಂತಿ ಕಡಿದಿದೆ ಎಂದು ಇದೇ ಫೋಟೊದಲ್ಲಿ ಕಾಣುತ್ತದೆ. ತಂತಿಗಳೆರಡೂ ಸರಿಯಿದ್ದು ಬೆಳಕು ಬರುತ್ತಿಲ್ಲವೆಂದರೆ ಬಲ್ಬ್ ಕೊಳ್ಳುವ ಅವಸರ ಬೇಡ. ಫ್ಯೂಸು ಅಥವಾ ಹೋಲ್ಡರ್ ನೋಡಬೇಕು.

ನಾಲ್ಕನೇ ಫೋಟೊ ಅಕ್ಷರಗಳದು, ಎಲ್ಲಕ್ಕಿಂತ ಮುಖ್ಯವಾದದ್ದು. ಬಿಲ್ಲೆಯ ಅಂಚಿನಲ್ಲೋ ಲೋಹದ ಕುತ್ತಿಗೆಯಲ್ಲೋ ಬಲ್ಬಿನ ಜಾತಿ, ವೋಲ್ಟೇಜ್, ವ್ಯಾಟ್ ಕೊರೆದಿರುತ್ತಾರೆ. ನೇರ ಬೆಳಕಿನಲ್ಲಿ ಇವು ಕಾಣುವುದಿಲ್ಲ. ಫೋನಿನ ಫ್ಲ್ಯಾಶ್ ಆರಿಸಿ, ಇನ್ನೊಬ್ಬರ ಕೈಯಲ್ಲಿ ಟಾರ್ಚ್ ಕೊಟ್ಟು, ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಡಿಸಿ. ಕೊರೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಫೋನನ್ನು ಬಲ್ಬಿಗೆ ತಾಗುವಷ್ಟು ಹತ್ತಿರ ತರದೆ, ಒಂದು ಅಡಿ ದೂರದಿಂದ ಎರಡರಷ್ಟು ಹಿಗ್ಗಿಸಿ ತೆಗೆಯಿರಿ. ತೀರಾ ಹತ್ತಿರದಲ್ಲಿ ಹೆಚ್ಚಿನ ಫೋನುಗಳು ಗುರಿ ಹಿಡಿಯುವುದಿಲ್ಲ. ಕಳಿಸುವಾಗ ವಾಟ್ಸಾಪಿನಲ್ಲಿ ಸಾದಾ ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗದೆ ಅಕ್ಷರ ಹಾಗೆಯೇ ಉಳಿಯುತ್ತದೆ.

ಐದನೆಯದು ಲ್ಯಾಂಪಿನ ಖಾಲಿ ರಂಧ್ರ. ಕಿವಿಗಳು ಕೂರುವ ಮೂರು ಕಚ್ಚು ಅಲ್ಲಿ ಕಾಣಬೇಕು. ಇದನ್ನೇ ತುಂಬ ಜನ ಬಿಡುತ್ತಾರೆ, ಹೇಳಿ ಕೇಳಿದರೂ ಕಳಿಸುವುದಿಲ್ಲ. ಲ್ಯಾಂಪಿನ ಪ್ಲಾಸ್ಟಿಕ್ ಬೆನ್ನಿನ ಮೇಲೋ ಗಾಜಿನ ಮೂಲೆಯಲ್ಲೋ ಬಲ್ಬಿನ ಹೆಸರನ್ನೇ ಅಚ್ಚು ಒತ್ತಿರುವುದೂ ಉಂಟು. ಇದ್ದರೆ ಅದರದ್ದೂ ತೆಗೆಯಿರಿ, ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ. ಮೊದಲು ಯಾರೋ ಎಲ್‌ಇಡಿ ಹಾಕಿಸಿಬಿಟ್ಟಿದ್ದರೆ ಹಳೆ ಬಲ್ಬಿನಿಂದ ಏನೂ ತಿಳಿಯದು. ಆಗ ಈ ರಂಧ್ರ ಮತ್ತು ಹೋಲ್ಡರೇ ಗತಿ.

ಹತ್ತು ರೂಪಾಯಿ ನಾಣ್ಯದ ಅಳತೆ

ಅಕ್ಷರ ಅಳಿಸಿದ್ದರೆ ಬಿಲ್ಲೆಯ ಅಳತೆ ನೆರವಿಗೆ ಬರುತ್ತದೆ. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಅದನ್ನು ಬಿಲ್ಲೆಯ ಪಕ್ಕದಲ್ಲಿ, ಬಿಲ್ಲೆಯಷ್ಟೇ ಎತ್ತರದಲ್ಲಿ ಇಡಬೇಕು. ಬಲ್ಬನ್ನು ಬಾಯಿ ಬಿಲ್ಲೆಗಿಂತ ಕಿರಿದಾದ ಒಂದು ಲೋಟದ ಮೇಲೆ ಗಾಜು ಒಳಕ್ಕೆ ಬರುವಂತೆ ನಿಲ್ಲಿಸಿ, ಲೋಟದ ಪಕ್ಕದಲ್ಲಿ ಬೆಂಕಿಪೊಟ್ಟಣ, ಪುಸ್ತಕ ಏನಾದರೂ ಪೇರಿಸಿ ನಾಣ್ಯವನ್ನು ಆ ಮಟ್ಟಕ್ಕೆ ತಂದರೆ ಸಾಕು.

ಫೋಟೊದಲ್ಲಿ ನಾಣ್ಯ 54 ಮಿ.ಮೀ., ಬಿಲ್ಲೆ 86 ಮಿ.ಮೀ. ಕಾಣುತ್ತದೆ ಎಂದುಕೊಳ್ಳಿ. 86ನ್ನು 54ರಿಂದ ಭಾಗಿಸಿ 27ರಿಂದ ಗುಣಿಸಿದರೆ 43 ಬರುತ್ತದೆ. ಎತ್ತರ ಒಂದೇ ಇರಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಫೋನು 20 ಸೆ.ಮೀ. ದೂರದಲ್ಲಿದ್ದು ನಾಣ್ಯ ಬಿಲ್ಲೆಗಿಂತ ಒಂದು ಸೆ.ಮೀ. ಫೋನಿಗೆ ಹತ್ತಿರವಿದ್ದರೆ, ನಾಣ್ಯ ಶೇಕಡಾ 5ರಷ್ಟು ದೊಡ್ಡದಾಗಿ ಕಾಣುತ್ತದೆ. 43 ಇದ್ದದ್ದು 41ರ ಲೆಕ್ಕಕ್ಕೆ ಬಂದುಬಿಡುತ್ತದೆ. ಫೋನನ್ನು ಅರ್ಧ ಮೀಟರ್ ದೂರ ಒಯ್ದರೆ ಅದೇ ತಪ್ಪು ಶೇಕಡಾ 2ಕ್ಕೆ ಇಳಿಯುತ್ತದೆ.

ಹ್ಯಾಲೊಜನ್ ಬರುವ ಮುಂಚಿನ ಹಳೆ ಲ್ಯಾಂಪುಗಳ ಆರ್2 ಬಲ್ಬಿನ ಬುಡ ಪಿ45ಟಿ, ಅಂದರೆ ಎರಡೇ ಮಿ.ಮೀ. ದೊಡ್ಡದು. ಅಷ್ಟು ಸಣ್ಣ ವ್ಯತ್ಯಾಸವನ್ನು ನಾಣ್ಯದ ಲೆಕ್ಕದಿಂದ ತೀರ್ಮಾನಿಸಬಾರದು. ಕಿವಿಗಳ ಆಕಾರ ಮತ್ತು ರಂಧ್ರದ ಕಚ್ಚು ಹೊಂದುತ್ತವೆಯೋ ಇಲ್ಲವೋ ಎಂದೇ ನೋಡಬೇಕು.

ಒಂದೇ ಆಕಾರ, ಬೇರೆ ಬಲ್ಬ್

ಆಕಾರ ಹೊಂದಿದರೂ ಕೆಲಸ ಮುಗಿಯಲಿಲ್ಲ. ಮೂರು ಕಡೆ ಜನ ಎಡವುತ್ತಾರೆ.

ಮೊದಲನೆಯದು ನಮ್ಮ ಕಡೆಗೇ ಹೇಳಿ ಮಾಡಿಸಿದ್ದು. ಅದಿರು ಲಾರಿಗಳ ಊರಾದ್ದರಿಂದ ಹೊಸಪೇಟೆ, ಬಳ್ಳಾರಿಯ ಅಂಗಡಿಗಳಲ್ಲಿ ಲಾರಿಯ ಸಾಮಾನೂ ಕಾರಿನದೂ ಒಂದೇ ಕಪಾಟಿನಲ್ಲಿ ಇರುವುದುಂಟು. ಲಾರಿಗೂ ಎಚ್4 ಬರುತ್ತದೆ, ಬುಡವೂ ಅದೇ ಪಿ43ಟಿ. ಆದರೆ ಅದು 24 ವೋಲ್ಟ್, 75/70 ವ್ಯಾಟ್. ಕಾರಿನದು 12 ವೋಲ್ಟ್, 60/55 ವ್ಯಾಟ್. ಲಾರಿಯ ಬಲ್ಬ್ ಕಾರಿನಲ್ಲಿ ಚೆನ್ನಾಗಿ ಕೂರುತ್ತದೆ, ಹತ್ತುತ್ತದೆ ಕೂಡ. ಆದರೆ ಚಿಮಣಿ ದೀಪದಂತೆ ಮಂಕಾಗಿ, ಕೆಂಪು ಹಳದಿಯಾಗಿ. ಜನ ಇದನ್ನು ಬ್ಯಾಟರಿ ವೀಕು, ಅರ್ತಿಂಗ್ ಸರಿಯಿಲ್ಲ ಎಂದು ವಾರಗಟ್ಟಲೆ ಹುಡುಕುತ್ತಾರೆ. ಫೋಟೊ ಕಳಿಸುವಾಗ "12 ವೋಲ್ಟ್, ಕಾರು" ಎಂದು ಎರಡು ಪದ ಸೇರಿಸಿ. ಬಂದ ಬಲ್ಬಿನ ಮೇಲೂ 12 ಓದಿಯೇ ಹಣ ಕೊಡಿ.

ಎರಡನೆಯದು ಬೈಕಿನ ಎಚ್ಎಸ್1. ಇದೂ ಮೂರು ಕಡ್ಡಿ, ಎರಡು ಸುರುಳಿ, ಬಟ್ಟಲು ಎಲ್ಲ ಇರುವ ಬಲ್ಬ್, ಕೈಯಲ್ಲಿ ಹಿಡಿದರೆ ಎಚ್4ರ ಅವಳಿ. ಅದರ ವ್ಯಾಟ್ ಮಾತ್ರ 35/35, ಬುಡದ ಹೆಸರು ಪಿಎಕ್ಸ್43ಟಿ. ಕಿವಿಗಳ ಜೋಡಣೆ ಸ್ವಲ್ಪ ಬೇರೆ, ಕಾರಿನ ಲ್ಯಾಂಪಿನಲ್ಲಿ ಸರಿಯಾಗಿ ಕೂರಬಾರದು ಎಂದೇ ಹಾಗೆ ಮಾಡಿರುತ್ತಾರೆ. ಕಿವಿಯನ್ನು ಅರದಿಂದ ಉಜ್ಜಿ ಕೂರಿಸುವವರಿದ್ದಾರೆ. ಅಲ್ಲಿಗೆ ಸುರುಳಿ ತಂತಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಬೆಳಕು ಎಲ್ಲೆಲ್ಲೋ ಹರಡುತ್ತದೆ.

ಮೂರನೆಯದು 100/90 ವ್ಯಾಟಿನ ಬಲ್ಬ್. ಬುಡ ಸರಿಯಾಗಿಯೇ ಕೂರುತ್ತದೆ, ಬೆಳಕೂ ಜೋರು. 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿದರೆ 100 ವ್ಯಾಟಿಗೆ 8 ದಾಟುತ್ತದೆ. ಹಳೆ ಕಾರಿನ ವೈರು, ಸ್ವಿಚ್ಚು, ಹೋಲ್ಡರ್ ಇಷ್ಟಕ್ಕೆ ಮಾಡಿದವಲ್ಲ. ಹೋಲ್ಡರ್ ಕಂದಾಗಿ ಕರಗುತ್ತದೆ, ಲ್ಯಾಂಪಿನೊಳಗಿನ ಹೊಳಪು ಮಂಕಾಗುತ್ತದೆ. ಆಮೇಲೆ ಎಷ್ಟು ಒಳ್ಳೆ ಬಲ್ಬ್ ಹಾಕಿದರೂ ಮೊದಲಿನ ಬೆಳಕು ಬರುವುದಿಲ್ಲ.

ಪೊಟ್ಟಣದ ಮೇಲೆ 9003 ಎಂದು ಕಂಡರೆ ಗಾಬರಿಯಾಗಬೇಡಿ. ಅದು ಅಮೆರಿಕದ ಹೆಸರು, ಎಚ್4ರ ಜಾಗದಲ್ಲಿ ಕೂರುತ್ತದೆ.

ಒಂದು ಉದಾಹರಣೆ

ಸಿಂಧನೂರಿನ ಕಡೆಯ ಒಂದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಎಂದುಕೊಳ್ಳೋಣ. ದೂರು ಇಷ್ಟು: ಎಡ ಲೈಟಿನಲ್ಲಿ ಡಿಮ್ ಇಲ್ಲ, ಬ್ರೈಟ್ ಇದೆ, ಅದೂ ಮೊದಲಿನಿಂದ ಬಲದ್ದಕ್ಕಿಂತ ಮಂಕು.

ಮೊದಲ ಫೋಟೊದಲ್ಲಿ ಹೋಲ್ಡರಿಗೆ ಮೂರು ವೈರು. ಹಿಂದಿನಿಂದ ತೆಗೆದದ್ದರಲ್ಲಿ ಚೌಕಟ್ಟಿನಾಕಾರದ ಮೂರು ಕಡ್ಡಿ. ನಾಣ್ಯದ ಲೆಕ್ಕ 43ರ ಆಸುಪಾಸು. ಪಕ್ಕದ ಫೋಟೊದಲ್ಲಿ ಬಟ್ಟಲಿನ ಮೇಲಿನ ತಂತಿ ಕಡಿದಿದೆ, ದೂರಿಗೆ ತಾಳೆಯಾಯಿತು. ಇಲ್ಲಿಗೆ ನಿಲ್ಲಿಸಿ ಹಳೆಯದರಂತೆಯೇ ಇನ್ನೊಂದು ಕೊಟ್ಟರೆ ತಪ್ಪಾಗುತ್ತದೆ.

ಅಕ್ಷರದ ಫೋಟೊದಲ್ಲಿ ಹೆಸರು ಅರ್ಧ ಅಳಿಸಿ, ಓರೆ ಬೆಳಕಿನಲ್ಲಿ 35/35 ಎಂಬುದಷ್ಟೇ ಕಾಣುತ್ತದೆ. ಹಿಂದಿನ ಫೋಟೊಗೆ ಮರಳಿ ಹಿಗ್ಗಿಸಿದರೆ ಒಂದು ಕಿವಿಯ ಅಂಚು ಮಾತ್ರ ಉಳಿದದ್ದಕ್ಕಿಂತ ಹೊಳೆಯುತ್ತಿದೆ, ಅದರ ಮೇಲೆ ಅರ ಆಡಿದ ಗೀರುಗಳಿವೆ. ಬಲ ಲ್ಯಾಂಪಿನ ಬಲ್ಬಿನ ಮೇಲೆ 60/55 ಇದೆ. ಎರಡೂ ಲ್ಯಾಂಪಿನ ರಂಧ್ರದ ಕಚ್ಚುಗಳು ಒಂದೇ ತೆರ, ಬಲ ಬಲ್ಬಿನ ಉಜ್ಜದ ಕಿವಿಗಳು ಅವಕ್ಕೆ ಸರಿಯಾಗಿ ಹೊಂದುತ್ತವೆ. ಅಂದರೆ ಹಿಂದೆ ಯಾರೋ ಬೈಕಿನ ಬಲ್ಬನ್ನು ಉಜ್ಜಿ ಎಡಕ್ಕೆ ಹಾಕಿದ್ದಾರೆ. ಮಂಕು ಬೆಳಕಿಗೆ ಅದೇ ಕಾರಣ. ಬೇಕಾದದ್ದು ಎಚ್4, 12 ವೋಲ್ಟ್, 60/55 ವ್ಯಾಟ್. ಬಲದ ಫೋಟೊ ಇಲ್ಲದಿದ್ದರೆ ಅಂಗಡಿಯವರು ಮತ್ತೊಂದು 35/35 ಕಟ್ಟಿ ಬಸ್ಸಿಗೆ ಹಾಕಿಬಿಡುತ್ತಿದ್ದರು.

ಇನ್ನೊಂದು ಸಂಗತಿ ಮೊದಲ ಫೋಟೊದಲ್ಲೇ ಇತ್ತು. ಎಡ ಹೋಲ್ಡರಿನ ಅಡ್ಡ ಕಿಂಡಿ, ಅಂದರೆ ಡಿಮ್‌ನದು, ಕಂದು ಬಣ್ಣಕ್ಕೆ ತಿರುಗಿದೆ. ಒಳಗಿನ ಹಿಡಿತ ಸಡಿಲವಾದರೆ ಅಲ್ಲಿ ಬಿಸಿಯಾಗಿ ಹೀಗಾಗುತ್ತದೆ. ಬಲ್ಬ್ ಮಾತ್ರ ಬದಲಿಸಿದರೆ ಬೆಳಕು ಬಂದು ಹೋಗಿ ಮಾಡುತ್ತದೆ, ಗುಂಡಿ ಹಾರಿದಾಗ ಆರುತ್ತದೆ. ಅಂಥ ಹೋಲ್ಡರನ್ನೂ ಬಲ್ಬಿನ ಜೊತೆಗೇ ತರಿಸಬೇಕು. ಕೊಳ್ಳುವಾಗ ಎಚ್4ರ ಮೂರು ಕಿಂಡಿಯ ಹೋಲ್ಡರ್ ಎಂದರೆ ಸಾಕು. ಹಳೆಯದರಲ್ಲಿ ಯಾವ ಬಣ್ಣದ ವೈರು ಯಾವ ಕಿಂಡಿಗೆ ಹೋಗಿತ್ತು ಎಂಬ ಫೋಟೊ ಇಲ್ಲದೆ ಮಾತ್ರ ಕತ್ತರಿಸಬೇಡಿ.

ಬಂದ ಬಲ್ಬನ್ನು ಹಾಕುವಾಗ

ಪೊಟ್ಟಣ ಒಡೆಯುವ ಮೊದಲು ಅದರ ಮೇಲಿನ ಎಚ್4, 12 ವೋಲ್ಟ್, 60/55 ಮೂರನ್ನೂ ಓದಿ. ಗಾಜಿಗೆ ಕೈ ತಗುಲಿದರೆ ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟನ್ನು ಶುಭ್ರ ಬಟ್ಟೆಗೆ ಹಚ್ಚಿ ಒರೆಸಿ ಒಣಗಿಸಿ. ಅಗಲದ ಕಿವಿ ಮೇಲೆ ಬರುವಂತೆ ಇಟ್ಟರೆ ಬಲ್ಬ್ ತಾನಾಗಿ ಕೂತು, ಅಲುಗಾಡಿಸಿದರೆ ತಿರುಗಬಾರದು. ಒತ್ತಬೇಕಾಗಿ ಬಂತೆಂದರೆ ಬಲ್ಬ್ ತಪ್ಪು ಅಥವಾ ಕಿವಿ ಕಚ್ಚಿಗೆ ಸಿಕ್ಕಿಲ್ಲ. ಅಲ್ಲಿ ಅರ ಹುಡುಕಲು ಹೋಗಬೇಡಿ. ಕ್ಲಿಪ್ ಬಿದ್ದ ಮೇಲೆ ರಬ್ಬರ್ ಟೋಪಿಯ ಅಂಚು ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಕಡೆ ಎದ್ದಿದ್ದರೆ ಅಲ್ಲಿಂದಲೇ ಕೆಂಪು ದೂಳು ಒಳಗೆ ಸೇರುತ್ತದೆ.

ಸಂಜೆ ಗೋಡೆಯೆದುರು ಸಮ ನೆಲದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಿ. ಎರಡೂ ಲ್ಯಾಂಪಿನ ಬೆಳಕಿನ ಮೇಲಂಚು ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ, ಒಂದೇ ಬಣ್ಣದಲ್ಲಿ ಬರಬೇಕು. ಹೊಸದು ಹಾಕಿದ ಬದಿಯಲ್ಲಿ ಮೇಲಂಚೇ ಕಾಣದೆ ಬೆಳಕು ಮೇಲಕ್ಕೆ ಚೆಲ್ಲುತ್ತಿದ್ದರೆ ಬಲ್ಬ್ ಓರೆ ಕೂತಿದೆ. ಲ್ಯಾಂಪಿನ ಸ್ಕ್ರೂ ತಿರುಗಿಸುವ ಮೊದಲು ಬಲ್ಬನ್ನು ತೆಗೆದು ಮತ್ತೆ ಕೂರಿಸಿ.